ಮಂಗನ ಕೈಗೆ ಬಾಳೆಹಣ್ಣು

"ದೇವಸ್ಥಾನದ ಮೆಟ್ಟಿಲಲ್ಲಿ ಮಂಗಗಳಿಗೆ ಬಾಳೆಹಣ್ಣು ಕೊಡುವುದು ಅತ್ತೆಯ ಕಾಲದಿಂದಲೂ ನಮ್ಮ ಪದ್ಧತಿ. ಈಗ ಅವು ತಮ್ಮತಮ್ಮಲ್ಲೇ ಕಚ್ಚಾಡುತ್ತವೆ. ಮೊನ್ನೆ ಮೊಮ್ಮಗನ ಕೈ ಪರಚಿತು. ಹಸಿದ ಜೀವಕ್ಕೆ ಕೊಡುವುದು ತಪ್ಪಾ?"
– ಓದುಗರೊಬ್ಬರು, ಬದಿಯಡ್ಕ

ಅಕ್ಕಾ, ಮೊದಲು ಮೊಮ್ಮಗನ ವಿಷಯ. ಇನ್ನೂ ಡಾಕ್ಟರಿಗೆ ತೋರಿಸಿಲ್ಲವಾದರೆ ಇವತ್ತೇ ತೋರಿಸಿ. ರೇಬೀಸ್ ಚುಚ್ಚುಮದ್ದು ಬೇಕೋ ಬೇಡವೋ ಅವರೇ ಹೇಳಲಿ.

ಕೊಡುವ ಮನಸ್ಸು ಒಳ್ಳೆಯದೇ. ಆದರೆ ಮೆಟ್ಟಿಲಿನಿಂದ ಸ್ವಲ್ಪ ದೂರ ಕೂತು, ಕೈಯಲ್ಲಿ ಏನೂ ಇಲ್ಲದೆ, ಒಂದು ಗಂಟೆ ಅವನ್ನು ನೋಡಿ. ಒಂದು ಮಂಗ ಇನ್ನೊಂದರ ಮುಂದೆ ಬೆನ್ನು ಕೊಟ್ಟು ಮಲಗುತ್ತದೆ, ಇನ್ನೊಂದು ಕೂದಲು ಬಿಡಿಸಿ ಬಿಡಿಸಿ ಹೇನು ಹೆಕ್ಕುತ್ತದೆ. ಇದು ಬರೀ ಸ್ವಚ್ಛತೆಯ ಕೆಲಸವಲ್ಲ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ಮಗಳ ಸ್ಥಾನ ಸಾಮಾನ್ಯವಾಗಿ ತಾಯಿಯ ಕೆಳಗೇ ಇರುತ್ತದೆ. ಕೆಳಗಿನವಳು ಹೆಚ್ಚಾಗಿ ಮೇಲಿನವಳ ಹೇನು ಹೆಕ್ಕುತ್ತಾಳೆ. ಬದಲಿಗೆ ಮೇಲಿನವಳು ಅವಳನ್ನು ಹತ್ತಿರ ಕೂರಲು ಬಿಡುತ್ತಾಳೆ, ಜಗಳ ಬಂದರೆ ಜೊತೆಗೆ ನಿಲ್ಲುತ್ತಾಳೆ. ಯಾರು ಯಾರಿಗೆ ದಾರಿ ಬಿಡಬೇಕೆಂದು ಎಲ್ಲರಿಗೂ ಗೊತ್ತಿದೆ. ಹಾಗಾಗಿ ದಿನದ ಬಹುಪಾಲು ಹೊತ್ತು ಹೊಡೆದಾಟವೇ ಬೇಕಾಗುವುದಿಲ್ಲ.

ಕಾಡಿನಲ್ಲಿ ತಿನಿಸು ಚದುರಿರುತ್ತದೆ. ಇಲ್ಲೊಂದು ಚಿಗುರು, ಅಲ್ಲೊಂದು ಹಣ್ಣು, ತರಗೆಲೆಯಡಿ ಒಂದು ಹುಳ. ಸಣ್ಣ ಮಂಗವೂ ದೊಡ್ಡದರ ಕಣ್ಣು ತಪ್ಪಿಸಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನಿಮ್ಮ ಬಾಳೆಗೊನೆ ಮಾತ್ರ ಒಂದೇ ಕಡೆ, ಒಂದೇ ಹೊತ್ತಿಗೆ ಬರುತ್ತದೆ. ಹೋದ ವರ್ಷ ನಾನೇ ಒಂದು ಕಟ್ಟೆಯ ಹತ್ತಿರ ನೋಡಿದೆ. ಯಾರೋ ಎಸೆದ ಹಣ್ಣು ಒಬ್ಬ ಬಡಪಾಯಿ ಹೆಣ್ಣಿನ ಮುಂದೆ ಬಿತ್ತು. ಅವಳು ಅದನ್ನು ಮುಟ್ಟಲಿಲ್ಲ. ದೊಡ್ಡ ಗಂಡು ಬಂದು ಕೆನ್ನೆಯ ಚೀಲಕ್ಕೆ ತುರುಕಿಕೊಂಡಿತು. ಮುಂದಿನ ಹಣ್ಣಿಗೆ ಅವಳು ಕೈ ಹಾಕಿ ಕಚ್ಚಿಸಿಕೊಂಡಳು. ಹಸಿದವರಿಗೆಂದು ಕೊಟ್ಟದ್ದು ಹೊಟ್ಟೆ ತುಂಬಿದವರಿಗೇ ಹೋಯಿತಲ್ವಾ?

ಇನ್ನು ನಾವು. ಮಂಗ ಕೈ ಚಾಚಿದಾಗ, ಹಲ್ಲು ತೋರಿಸಿದಾಗ ಹೆದರಿ ಹಣ್ಣು ಬಿಟ್ಟುಕೊಟ್ಟರೆ, ಅದರ ಲೆಕ್ಕದಲ್ಲಿ ನಾವು ಕೆಳಗಿನವರು. ಮಗು ಅದರ ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಅದು ಸವಾಲು. ಹಣ್ಣು ಹಿಡಿದ ಕೈಯನ್ನು ಹಿಂದಕ್ಕೆ ಎಳೆದರೆ ಕೆಳಗಿನವನ ಹಟ. ಅದಕ್ಕೇ ಪರಚುವುದು.

ಜಪಾನಿನ ತಕಾಸಕಿಯಾಮಾದಲ್ಲಿ 1950ರ ದಶಕದ ಮೊದಲಲ್ಲಿ ಮಂಗಗಳಿಗೆ ಆಹಾರ ಹಾಕಲು ತೊಡಗಿದರು. ತೋಟದ ಹಾವಳಿ ತಪ್ಪಲಿ ಎಂಬುದೂ ಒಂದು ಉದ್ದೇಶವಾಗಿತ್ತು. ಕೆಲವೇ ನೂರು ಇದ್ದದ್ದು ಮುಂದೆ ಸಾವಿರ ದಾಟಿತು. ಕೊನೆಗೆ ಹಾಕುವ ಆಹಾರವನ್ನೇ ಕಡಿಮೆ ಮಾಡಬೇಕಾಯಿತು.

ನಮ್ಮಲ್ಲಿ ಬನಗಳ ಹಲಸು, ಆಲ, ಅತ್ತಿ ಕಡಿದು ಜಾಗ ಅಗಲ ಮಾಡುತ್ತೇವೆ. ಆಮೇಲೆ ಬಿಸ್ಕೆಟ್ ಪ್ಯಾಕೆಟ್ ಹಿಡಿದು ಫೋಟೋಕ್ಕೆ ನಿಲ್ಲುತ್ತೇವೆ. ತೋಟಕ್ಕೆ ಮಂಗ ನುಗ್ಗಿ ಬೊಂಡ ಕಿತ್ತರೆ ಪಟಾಕಿ ಹೊಡೆಯುವವರೂ ನಾವೇ. ನನಗೆ ಸಿಟ್ಟು ಬರುವುದು ಇದಕ್ಕೆ.

ನೀವು ನಿಲ್ಲಿಸಿದರೆ ಮೊದಲ ಕೆಲವು ದಿನ ಅವು ಇನ್ನೂ ಜಾಸ್ತಿ ಕಾಡುತ್ತವೆ, ಚೀಲ ಎಳೆಯುತ್ತವೆ. ಆಗ ಸೋತು ಒಂದು ಹಣ್ಣು ಕೊಟ್ಟರೆ, ಬಿಡದೆ ಕಾಡಿದರೆ ಸಿಗುತ್ತದೆಂದು ಕಲಿಸಿದ ಹಾಗೆ. ಮೆಟ್ಟಿಲ ಹತ್ತಿರದ ಅಂಗಡಿಯವರೂ, ಬೇರೆ ಮನೆಯವರೂ ಅದೇ ದಿನದಿಂದ ನಿಲ್ಲಿಸಬೇಕು. ನೈವೇದ್ಯದ ಹಣ್ಣನ್ನು ಮುಚ್ಚಿದ ಪಾತ್ರೆಯಲ್ಲಿ ಒಯ್ಯಿರಿ.