ಅಡಿಕೆ ಹಾಳೆ ತಟ್ಟೆ ಯೂನಿಟ್‌ನ ಎಂಐಆರ್‌ಆರ್‌ನಲ್ಲಿ ಎರಡು ಬಡ್ಡಿದರ ಯಾಕೆ?

"ಪೆರ್ಲದ ಹತ್ತಿರ ಹಾಳೆ ತಟ್ಟೆ ಯೂನಿಟ್ ಹಾಕ್ಬೇಕೂಂತ ಇದ್ದೇನೆ. 5 ವರ್ಷದ ಲೆಕ್ಕ ಲಕ್ಷದಲ್ಲಿ ಹೀಗಿದೆ: -10, 4, 5, -2, 6, 5. ಮೂರನೇ ವರ್ಷ ಇನ್ನೊಂದು ಪ್ರೆಸ್ ತೆಗೆಯಬೇಕು, ಅದಕ್ಕೇ ಮೈನಸ್. ಸಾಲದ ಬಡ್ಡಿ 11%, ಸೊಸೈಟಿ ಠೇವಣಿಗೆ 6%. ಐಆರ್‌ಆರ್ 22.4% ಬರ್ತದೆ, ಎಂಐಆರ್‌ಆರ್ 14.3%. ಯಾವುದನ್ನು ನಂಬುವುದು?"

14.3ರ ಕಡೆಗೇ ವಾಲಿ. ಆದರೆ ಆ 11% ಎಲ್ಲಿ ಕೆಲಸ ಮಾಡ್ತದೆ ಅಂತ ಒಮ್ಮೆ ನೋಡಿಕೊಳ್ಳಿ. ನಾನು ಬದಿಯಡ್ಕದಲ್ಲಿ ಸಣ್ಣ ಉದ್ಯಮಗಳ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವವನು. ಹೆಚ್ಚಿನವರು ಎಡವುವುದು ಅಲ್ಲೇ.

ಮೊದಲು 22.4ರ ವಿಷಯ. ಐಆರ್‌ಆರ್ ಅಂದರೆ ಹೂಡಿದ ಹಣ ವರ್ಷಕ್ಕೆ ಶೇಕಡಾ ಎಷ್ಟು ಗಳಿಸ್ತದೆ ಅನ್ನುವ ದರ, ಎಂಐಆರ್‌ಆರ್ ಅದರ ತಿದ್ದಿದ ರೂಪ. ನಿಮ್ಮ 10 ಲಕ್ಷ 5 ವರ್ಷವೂ ಆ ದರದಲ್ಲೇ ಬೆಳೆಯಬೇಕಾದರೆ, ಮೊದಲ ವರ್ಷ ಕೈಗೆ ಬಂದ 4 ಲಕ್ಷವೂ ಮುಂದಿನ 4 ವರ್ಷ 22.4% ಗಳಿಸಬೇಕು. ನೀವು ಅದನ್ನು ಇಡುವುದು ಸೊಸೈಟಿಯಲ್ಲಿ ಅಲ್ವಾ? ಅಲ್ಲಿ ಸಿಗುವುದು 6. ಎಂಐಆರ್‌ಆರ್ ಇದನ್ನು ಸರಿಮಾಡ್ತದೆ. ಬಂದ ಹಣವನ್ನೆಲ್ಲ 6%ರಲ್ಲಿ 5ನೇ ವರ್ಷದ ಕೊನೆಗೆ ಒಯ್ಯುತ್ತದೆ. 4 ಲಕ್ಷ 5.05 ಆಗ್ತದೆ, 5 ಲಕ್ಷ 5.96, 6 ಲಕ್ಷ 6.36, ಕೊನೆಯ 5 ಹಾಗೇ ಉಳೀತದೆ. ಒಟ್ಟು ಸುಮಾರು 22.36 ಲಕ್ಷ.

ಹೋದ ಹಣವನ್ನು ಇಂದಿಗೆ ತರುತ್ತದೆ. 10 ಲಕ್ಷ ಇಂದೇ ಹೋಗುವುದು, ಅದಕ್ಕೆ ಏನೂ ಆಗುವುದಿಲ್ಲ. ಮೂರನೇ ವರ್ಷದ 2 ಲಕ್ಷವನ್ನು 11%ರಲ್ಲಿ ಹಿಂದಕ್ಕೆ ತಂದರೆ 1.46. ಒಟ್ಟು 11.46. ಈ 11.46 ಲಕ್ಷ 5 ವರ್ಷದಲ್ಲಿ 22.36 ಆಗಲು ವರ್ಷಕ್ಕೆ 14.3% ಬೆಳೆಯಬೇಕು. ಎಕ್ಸೆಲ್‌ನಲ್ಲಿ ನಿಮ್ಮ ಆರು ಅಂಕಿ B2ರಿಂದ B7ರವರೆಗೆ ಇದ್ದರೆ ಸೂತ್ರ ಹೀಗೆ:

```
=MIRR(B2:B7, 11%, 6%)
```

ಮೊದಲು ಸಾಲದ ದರ, ಆಮೇಲೆ ಮರುಹೂಡಿಕೆ ದರ. ಅದಲು ಬದಲು ಹಾಕಿದರೆ 16.0% ಬರ್ತದೆ. ಎಕ್ಸೆಲ್ ಏನೂ ಎಚ್ಚರಿಸುವುದಿಲ್ಲ.

ಈಗ ಮುಖ್ಯ ವಿಷಯ. 11ರ ಬದಲು 14% ಹಾಕಿ ನೋಡಿ. ಸಾಲ ದುಬಾರಿಯಾಯಿತು, ಉತ್ತರ ಇಳಿಯಬೇಕು ಅಲ್ವಾ? ಏರ್ತದೆ! 14.5% ಆಗ್ತದೆ. ಯಾಕಂದ್ರೆ ಆ ದರ ಮುಟ್ಟುವುದು ಮೂರನೇ ವರ್ಷದ 2 ಲಕ್ಷವನ್ನು ಮಾತ್ರ. ದರ ಜಾಸ್ತಿಯಾದಷ್ಟೂ ಮುಂದಿನ ಖರ್ಚು ಇವತ್ತಿಗೆ ಚಿಕ್ಕದಾಗಿ ಕಾಣ್ತದೆ. ನಿಮ್ಮ 10 ಲಕ್ಷದ ಸಾಲದ ಬಡ್ಡಿ ಈ ಲೆಕ್ಕದೊಳಗೆ ಬಂದೇ ಇಲ್ಲ. ಹಾಗಾಗಿ "ಎಂಐಆರ್‌ಆರ್‌ನಲ್ಲಿ ಸಾಲದ ದರ ಹಾಕಿದ್ದೇನೆ, ಬಡ್ಡಿ ಕಳೆದೇ 14.3 ಬಂದದ್ದು" ಅಂತ ತಿಳಿಯಬೇಡಿ. 14.3 ಅನ್ನುವುದು ಬಡ್ಡಿ ಕಟ್ಟುವ ಮೊದಲಿನ ಗಳಿಕೆ. ಅದನ್ನು 11ರ ಪಕ್ಕ ಇಟ್ಟು ನೋಡಬೇಕು. ನಡುವೆ ಉಳಿಯುವ 3.3ರಲ್ಲೇ ನಿಮ್ಮ ಅಪಾಯಕ್ಕೂ ಜಾಗ ಬೇಕು. ಬೇಸಿಗೆಯಲ್ಲಿ ಬೇಕಾದಷ್ಟು ಹಾಳೆ ಒಣಗಿಸಿ ದಾಸ್ತಾನು ಮಾಡಲು ಆಗದಿದ್ದರೆ ಮಳೆಗಾಲದಲ್ಲಿ ಪ್ರೆಸ್ ಸುಮ್ನೆ ಕೂರ್ತದೆ, ಆ ವರ್ಷದ 5 ಲಕ್ಷ 4ಕ್ಕೆ ಇಳಿಯುವುದು ದೊಡ್ಡ ಮಾತಲ್ಲ.

ಇನ್ನೊಂದು ಪ್ರಶ್ನೆ ನೀವೇ ಕೇಳಿಕೊಳ್ಳಿ: ಆ 2 ಲಕ್ಷ ಎಲ್ಲಿಂದ ಬರ್ತದೆ? ಮತ್ತೆ ಸಾಲವಾದರೆ 11 ಇರಲಿ. ಎರಡನೇ ವರ್ಷದ ಆದಾಯದಿಂದಲೇ ಎತ್ತಿಡುವುದಾದರೆ ಅಲ್ಲಿ ಸಾಲದ ದರಕ್ಕೆ ಕೆಲಸವೇ ಇಲ್ಲ. 6%ರಲ್ಲಿ ಮುಂದಿನ ವರ್ಷಕ್ಕೆ 2 ಲಕ್ಷ ಆಗಬೇಕಾದರೆ ಸುಮಾರು 1.89 ಎತ್ತಿಡಬೇಕು. ಆಗ ಎರಡನೇ ವರ್ಷ 3.11 ಉಳೀತದೆ, ಮೂರನೇ ವರ್ಷ ಸೊನ್ನೆ. ಉತ್ತರ 15.0%. ಹೊರಗಿನಿಂದ ಹಾಕಿದ್ದು 10 ಲಕ್ಷ ಮಾತ್ರ ಆದ್ದರಿಂದ ಸ್ವಲ್ಪ ಏರಿತು. ನನಗೆ ಇದೇ ಹೆಚ್ಚು ನಿಜ ಅನಿಸುತ್ತದೆ, ಯಾಕಂದ್ರೆ ನಮ್ಮ ಕಡೆ ಹೆಚ್ಚಿನವರು ಎರಡನೇ ಪ್ರೆಸ್ ತೆಗೆಯುವುದು ಕೈಯಲ್ಲಿದ್ದ ಹಣದಿಂದಲೇ.

ಆ ಸೊನ್ನೆಯನ್ನು ಮಾತ್ರ ಟೈಪ್ ಮಾಡಲೇಬೇಕು. ಭಾವನ ಯೂನಿಟ್‌ನ ರಿಪೋರ್ಟ್ ಮಾಡುವಾಗ ನಾನು ಆ ಕೋಶವನ್ನು ಖಾಲಿ ಬಿಟ್ಟಿದ್ದೆ. ಖಾಲಿ ಕೋಶವನ್ನು ಎಕ್ಸೆಲ್ ಲೆಕ್ಕಕ್ಕೇ ಹಿಡಿಯುವುದಿಲ್ಲ, 5 ವರ್ಷ 4 ಆಗಿಬಿಡ್ತದೆ. ನಿಮ್ಮ ಲೆಕ್ಕದಲ್ಲಿ ಹಾಗೆ ಬಿಟ್ಟರೆ 15.0ರ ಬದಲು 18.4% ತೋರಿಸುತ್ತದೆ. ಭಾವ ಆ ತಪ್ಪು ಅಂಕಿ ನೋಡಿ ಖುಷಿಯಾಗಿದ್ದ. ಸರಿಮಾಡಿ ಹೇಳುವಾಗ ನನಗೆ ತುಂಬಾ ಕಷ್ಟವಾಯಿತು. ಅಂದಿನಿಂದ ಒಂದು ಪರೀಕ್ಷೆ ಮಾಡಿಕೊಳ್ಳುತ್ತೇನೆ, ನೀವೂ ಮಾಡಿ. ಎರಡೂ ದರದ ಜಾಗದಲ್ಲಿ ಐಆರ್‌ಆರ್ ಅನ್ನೇ ಹಾಕಿ:

```
=MIRR(B2:B7, IRR(B2:B7), IRR(B2:B7))
```

ಉತ್ತರ ಐಆರ್‌ಆರ್‌ನಷ್ಟೇ ಬರಬೇಕು. ಆದರೆ ದರ ಅದಲು ಬದಲಾದದ್ದು ಇದರಲ್ಲಿ ಸಿಕ್ಕಿಬೀಳುವುದಿಲ್ಲ, ಎರಡೂ ಕಡೆ ಒಂದೇ ದರ ಅಲ್ವಾ. ಖಾಲಿ ಕೋಶದ ತಪ್ಪೂ ಸಿಕ್ಕಿಬೀಳುವುದಿಲ್ಲ, ಐಆರ್‌ಆರ್ ಕೂಡ ಅದನ್ನು ಬಿಟ್ಟೇ ಎಣಿಸುತ್ತದೆ. ಅದಕ್ಕೆ `=COUNT(B2:B7)` ಹಾಕಿ. 6 ಬಂದರೆ ಸರಿ, 5 ಬಂದರೆ ಎಲ್ಲೋ ಒಂದು ವರ್ಷ ಬಿಟ್ಟುಹೋಗಿದೆ.