ಕಲ್ಲು ಹೆಚ್ಚಿದ್ದರೆ ವಾಚು ಹೆಚ್ಚೇ?

ಪ್ರಶ್ನೆ: ತಂದೆಯವರ ಕೀ ಕೊಡುವ ಹೆಚ್‌ಎಂಟಿ ವಾಚಿನಲ್ಲಿ 17 ಜ್ಯುವೆಲ್ಸ್ ಎಂದಿದೆ. ಅದನ್ನು ಕೊಟ್ಟು 25 ಜ್ಯುವೆಲ್‌ನ ಆಟೋಮ್ಯಾಟಿಕ್ ತೆಗೆದುಕೊಂಡರೆ ಗುಣಮಟ್ಟ ಹೆಚ್ಚುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಕೊಡಬೇಡಿ. ಜ್ಯುವೆಲ್ ಎಂದರೆ ತಿರುಗುವ, ಉಜ್ಜುವ ಭಾಗಗಳು ಸವೆಯದಂತೆ ಕೂರಿಸಿದ ಪುಟ್ಟ ಕಲ್ಲು. ಈ ಪ್ರಶ್ನೆ ಶಿವಮೊಗ್ಗದ ನನ್ನ ಮೇಜಿಗೆ ವಾರಕ್ಕೊಮ್ಮೆಯಾದರೂ ಬರುವುದರಿಂದ ಕಲ್ಲುಗಳನ್ನು ಎಣಿಸಿಯೇ ತೋರಿಸುತ್ತೇನೆ. ಆಚೀಚೆ ತೂಗುವ ಬ್ಯಾಲೆನ್ಸ್ ಚಕ್ರದ ಎರಡು ತುದಿಗಳಿಗೆ ತೂತಿನ ಕಲ್ಲು ಎರಡು, ಅವುಗಳ ಮೇಲೆ ಮುಚ್ಚಳದ ಕಲ್ಲು ಎರಡು, ಚಕ್ರಗಳನ್ನು ಹಲ್ಲು ಹಲ್ಲಾಗಿ ತಡೆದು ಬಿಡುವ ಸನ್ನೆಯಾದ ಪ್ಯಾಲೆಟ್‌ನಿಂದ ತಳ್ಳುವಿಕೆಯನ್ನು ಪಡೆಯುವ ಕಲ್ಲು ಒಂದು, ಹೀಗೆ ಐದು. ಪ್ಯಾಲೆಟ್‌ನ ಎರಡು ಹಲ್ಲುಗಳೇ ಕಲ್ಲು, ಅದರ ಅಚ್ಚಿಗೆ ಇನ್ನೆರಡು, ಒಟ್ಟು ಒಂಬತ್ತಾಯಿತು. ಉಳಿದ ಎಂಟು, ಪ್ಯಾಲೆಟ್ ತಡೆದು ಬಿಡುವ ಎಸ್ಕೇಪ್ ಚಕ್ರ, ನಾಲ್ಕನೆಯ ಚಕ್ರ, ಮೂರನೆಯ ಚಕ್ರ ಮತ್ತು ನಡುವಿನ ಚಕ್ರಗಳಿಗೆ ಮೇಲೊಂದು ಕೆಳಗೊಂದರಂತೆ ಕೂರುತ್ತವೆ. ಸಮಯ ಕಾಯುವ ಸಾಲಿನಲ್ಲಿ ವೇಗವಾಗಿ ತಿರುಗುವ ಉಕ್ಕಿನ ತುದಿಗಳಿಗೆಲ್ಲ ಇಲ್ಲಿಗೆ ಕಲ್ಲು ಸಿಕ್ಕಿರುತ್ತದೆ. ಆಟೋಮ್ಯಾಟಿಕ್ ವಾಚಿನಲ್ಲಿ ಇದಕ್ಕಿಂತ ಹೆಚ್ಚಿಗೆ ಇರುವ ಕಲ್ಲುಗಳು ಬಹುಪಾಲು ಕೈಯ ಅಲುಗಾಟದಿಂದ ಸ್ಪ್ರಿಂಗ್ ಸುತ್ತುವ ಭಾಗಕ್ಕೆ ಸೇರಿದವು. ಅವು ಆ ಭಾಗದ ಸವೆತವನ್ನು ತಡೆಯುತ್ತವೆಯೇ ಹೊರತು ಸಮಯವನ್ನು ಸರಿಪಡಿಸುವುದಿಲ್ಲ. 1960ರ ದಶಕದಲ್ಲಿ ಕೆಲವು ತಯಾರಕರು ನೂರು ಕಲ್ಲಿನ ವಾಚನ್ನೂ ಮಾರಿದರು. ಕೆಲಸವಿಲ್ಲದ ಕಲ್ಲನ್ನು ಲೆಕ್ಕಕ್ಕೆ ಸೇರಿಸಬಾರದೆಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು ಅದರ ನಂತರ. ಸಂಖ್ಯೆಗೆ ಅರ್ಥವಿರುವುದು ಕೆಳಗಿನ ಕಡೆಯಲ್ಲಿ: ಒಂದೇ ಕಲ್ಲಿನ ಅಗ್ಗದ ವಾಚಿನಲ್ಲಿ ಪ್ಯಾಲೆಟ್‌ಗೆ ಕಲ್ಲಿನ ಬದಲು ಉಕ್ಕಿನ ಕಡ್ಡಿಗಳಿರುತ್ತವೆ, ಅವು ಬೇಗ ಸವೆಯುತ್ತವೆ.

ನೀವು ನೋಡಬೇಕಾದದ್ದು ಕಲ್ಲುಗಳ ಸಂಖ್ಯೆಯನ್ನಲ್ಲ, ಅವುಗಳ ನಡುವೆ ಉಳಿದಿರುವ ಎಣ್ಣೆಯನ್ನು. ಕಳೆದ ಮಳೆಗಾಲದಲ್ಲಿ ಹೊಸನಗರದ ಕಡೆಯವರೊಬ್ಬರು ನಿಮ್ಮದರಂಥದ್ದೇ 17 ಕಲ್ಲಿನ ವಾಚು ತಂದರು. ಪೂರ್ತಿ ಕೀ ಕೊಟ್ಟರೂ 26 ಗಂಟೆಗೆ ನಿಲ್ಲುತ್ತಿತ್ತು, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ಟಿಕ್‌ಟಿಕ್ ಸದ್ದಿನಿಂದ ಲೆಕ್ಕ ಹಾಕುವ ಯಂತ್ರದ ಮೇಲಿಟ್ಟಾಗ, ಮುಖ ಮೇಲಾಗಿ ಮಲಗಿಸಿದರೆ ಬ್ಯಾಲೆನ್ಸ್ 195 ಡಿಗ್ರಿ ಮಾತ್ರ ತೂಗುತ್ತಿತ್ತು, ನಿಲ್ಲಿಸಿ ಹಿಡಿದರೆ 160. ಆರೋಗ್ಯವಾಗಿರುವ ವಾಚು ಮಲಗಿದಾಗ 270ರಿಂದ 300ರವರೆಗೆ ತೂಗಬೇಕು. ಬಿಚ್ಚಿದರೆ ಹದಿನೇಳು ಕಲ್ಲೂ ಅಖಂಡವಾಗಿದ್ದವು. ಆದರೆ ಹಿಂದೆ ಯಾರೋ ತೊಳೆಯದೆ ಮೇಲಿಂದ ಎಣ್ಣೆ ಸುರಿದಿದ್ದರು, ಅದು ಗೋಂದಿನಂತಾಗಿತ್ತು, ಸ್ಪ್ರಿಂಗ್ ಕೂಡ ಕಸುವು ಕಳೆದುಕೊಂಡಿತ್ತು. ತೊಳೆದು, ಹೊಸ ಸ್ಪ್ರಿಂಗ್ ಹಾಕಿ, ಕಲ್ಲಿಗೆ ತಕ್ಕ ಎಣ್ಣೆಯನ್ನು ಸೂಜಿಮೊನೆಯಷ್ಟು ಇಟ್ಟ ಮೇಲೆ 285 ಡಿಗ್ರಿ ತೂಗಿತು, 41 ಗಂಟೆ ನಡೆಯಿತು. ಕಲ್ಲುಗಳು ಮೊದಲಿದ್ದವೇ. ಎಣ್ಣೆ ಬಿಟ್ಟು ಎರಡೇ ನಿಮಿಷದಲ್ಲಿ ವಾಪಸು ಕೊಡುವವರಿಗೆ ದಯವಿಟ್ಟು ವಾಚು ಕೊಡಬೇಡಿ.

ಮನೆಯಲ್ಲೇ ಪರೀಕ್ಷಿಸುವುದಾದರೆ, ಬೆಳಿಗ್ಗೆ ಪೂರ್ತಿ ಕೀ ಕೊಟ್ಟು ಫೋನಿನ ಸಮಯಕ್ಕೆ ಹೊಂದಿಸಿ ಮಲಗಿಸಿಡಿ. 12 ಗಂಟೆಯ ನಂತರ ವ್ಯತ್ಯಾಸ ಬರೆದಿಟ್ಟು, ಮತ್ತೆ ಕೀ ಕೊಡದೆ 24 ಗಂಟೆಗೆ ಇನ್ನೊಮ್ಮೆ ನೋಡಿ. ಎರಡನೆಯ 12 ಗಂಟೆಯಲ್ಲಿ ತಪ್ಪು ಬಹಳ ಹೆಚ್ಚಿದರೆ, ಅಥವಾ ವಾಚು 30 ಗಂಟೆಗೂ ಮೊದಲೇ ನಿಂತರೆ, ಅದಕ್ಕೆ ಬೇಕಾಗಿರುವುದು ಸರ್ವಿಸ್.

ಪ್ರಶ್ನೆ: ಗಂಟೆಗೆ 28,800 ಬಡಿತದ ವಾಚು 18,000ದಕ್ಕಿಂತ ನಿಖರವಲ್ಲವೇ?
– ಸಾಗರ

ಸೆಕೆಂಡಿಗೆ ಐದರ ಬದಲು ಎಂಟು ಬಡಿತವಿದ್ದರೆ ಕೈ ಜಾಡಿಸಿದಾಗಿನ ಅಲುಗಾಟದಿಂದ ಬ್ಯಾಲೆನ್ಸ್ ಬೇಗ ಸುಧಾರಿಸಿಕೊಳ್ಳುತ್ತದೆ, ಅಷ್ಟು ಲಾಭವುಂಟು. ಆದರೆ ಸರಿಯಾಗಿ ಹೊಂದಿಸಿದ 18,000ದ ವಾಚು, ಹೇಗೋ ಜೋಡಿಸಿದ 28,800ರ ವಾಚನ್ನು ಸುಲಭವಾಗಿ ಮೀರಿಸುತ್ತದೆ. ವೇಗಕ್ಕೆ ಬೆಲೆಯೂ ಇದೆ: ಸ್ವಿಸ್ ಪವರ್‌ಮ್ಯಾಟಿಕ್ 80 ಯಂತ್ರವನ್ನು ರೂಪಿಸುವಾಗ ಅದರ ಮೂಲ ಯಂತ್ರದ 28,800 ಬಡಿತವನ್ನು 21,600ಕ್ಕೆ ಇಳಿಸಿ, ಸ್ಪ್ರಿಂಗನ್ನೂ ಉದ್ದ ಮಾಡಿದ್ದರಿಂದ ಅದು ಒಂದೇ ಕೀಗೆ 80 ಗಂಟೆ ನಡೆಯುತ್ತದೆ.

ಪ್ರಶ್ನೆ: 80 ಗಂಟೆ ನಡೆಯುವುದು 40 ಗಂಟೆಯದಕ್ಕಿಂತ ಎರಡು ಪಟ್ಟು ಒಳ್ಳೆಯದೇ?
– ಭದ್ರಾವತಿ

ಶನಿವಾರ ಬಿಚ್ಚಿಟ್ಟು ಸೋಮವಾರ ಕಟ್ಟುವವರಿಗೆ ಅನುಕೂಲ. ದಿನವೂ ಕಟ್ಟುವ ನಿಮಗೆ ವ್ಯತ್ಯಾಸವೇ ತಿಳಿಯದು.

ಪ್ರಶ್ನೆ: ಒಳಗಿನ ಮಾಣಿಕ್ಯಗಳನ್ನು ಅಕ್ಕಸಾಲಿಗರು ಕೊಳ್ಳುತ್ತಾರೆಯೇ?
– ಶಿಕಾರಿಪುರ

ಅವು ಕುಲುಮೆಯಲ್ಲಿ ಬೆಳೆಸಿದ ಕೃತಕ ಮಾಣಿಕ್ಯಗಳು. ಕೊಳ್ಳುವುದಿಲ್ಲ; ಬಿಚ್ಚಬೇಡಿ.