'4ನೇ ಪ್ರೆಸ್ ಬಂದ್, ಸೀಲ್ ಹೋಗಿದೆ' ಅಂತ ಬರೆದು ಮನೆಗೆ ಹೋಗುವವರಿಗೆ

ಪ್ರಶ್ನೆ: ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ ನೈಟ್ ಶಿಫ್ಟ್ ಸೂಪರ್‌ವೈಸರ್ ಆಗಿದ್ದೇನೆ ಸರ್. ಬೆಳಿಗ್ಗೆ 6ಕ್ಕೆ ಹೊರಡುವಾಗ ಬಾಕಿ ಕೆಲಸ ಎಲ್ಲಾ ವಾಟ್ಸಾಪ್‌ನಲ್ಲಿ ಹಾಕೇ ಹೋಗ್ತೀನಿ. ಮೊನ್ನೆ '4ನೇ ಪ್ರೆಸ್ ಬಂದ್, ಸೀಲ್ ಹೋಗಿದೆ, ಕೆಲಸ ಬಾಕಿ, ಉಳಿದದ್ದೆಲ್ಲ ಓಕೆ' ಅಂತ ಬರೆದಿದ್ದೆ. ಆದರೂ ಡೇ ಸೂಪರ್‌ವೈಸರ್ 'ನೈಟ್‌ನವರು ಏನೂ ಹೇಳಲಿಲ್ಲ' ಅಂತ ಮ್ಯಾನೇಜರ್ ಹತ್ರ ದೂರಿದರು. ಇನ್ನೇನು ಬರೀಬೇಕಿತ್ತು?

ಅವರು ದೂರಿದ್ದು ಸರಿಯಾಗಿದೆ. ಇದೇ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಪ್ರೆಸ್ ಇದ್ದ ಕಡೆ ಫರ್ನೇಸ್, ಬಾಯ್ಲರ್, ಕ್ರೇನ್ ಅಂತ ಮಾತ್ರ ಬದಲಾಗಿರುತ್ತದೆ.

'ಬಂದ್' ಅಂದರೆ ಯಾವ ಬಂದ್? ಕೆಟ್ಟು ನಿಂತಿದೆಯೋ, ನೀವೇ ನಿಲ್ಲಿಸಿದಿರೋ, ಬಿಚ್ಚಿ ಹಾಕಿದ್ದೀರೋ? ಬೆಳಗಿನವರಿಗೆ ಮೊದಲು ಗೊತ್ತಾಗಬೇಕಾದದ್ದು ಇದು. ಲೋಡ್ ಜಾಸ್ತಿ ಇರುವ ದಿನ ಅವರು ಮಾಡುವ ಮೊದಲ ಕೆಲಸವೇ ನಿಂತ ಮಷೀನ್‌ನ ಬಟನ್ ಒತ್ತಿ ನೋಡುವುದು. ಇನ್ನು 'ಸೀಲ್ ಹೋಗಿದೆ' ಅನ್ನುವುದು. ಪಂಪ್ ಆಫ್ ಮಾಡಿದ ಮೇಲೂ ರ್ಯಾಮ್ ತಾನಾಗಿ ಕೆಳಗೆ ಜಾರುತ್ತಿತ್ತು, ಅಲ್ಲವೇ? ಹಾಗೆ ಜಾರುವುದಕ್ಕೆ ಪಿಸ್ಟನ್ ಸೀಲ್ ಸವೆದಿರುವುದು ಒಂದು ಕಾರಣ. ರ್ಯಾಮಿನ ಭಾರ ಹಿಡಿದು ನಿಲ್ಲಿಸುವ ಕೌಂಟರ್‌ಬ್ಯಾಲೆನ್ಸ್ ವಾಲ್ವ್ ಒಳಗೊಳಗೇ ಸೋರಿದರೂ ಹೀಗೇ ಆಗುತ್ತದೆ, ಆ ವಾಲ್ವಿನ ಸೀಟಿನಲ್ಲಿ ಒಂದು ಚೂರು ಕಸ ಸಿಕ್ಕಿಕೊಂಡರೆ ಸಾಕು. ರಾತ್ರಿ ಆ ವಾಲ್ವ್ ಯಾರಾದರೂ ನೋಡಿದ್ದರೇ? ನೋಡಿರದಿದ್ದರೆ ನೀವು ಬರೆದದ್ದು ಊಹೆ. ಬೆಳಗಿನವರು ಅದನ್ನೇ ಸತ್ಯ ಅಂದುಕೊಂಡು ಸಿಲಿಂಡರ್ ಇಳಿಸಿ, ಸೀಲ್ ಹಾಕಿ, ಸಂಜೆ ಪ್ರೆಸ್ ಜೋಡಿಸಿದ ಮೇಲೂ ರ್ಯಾಮ್ ಜಾರುತ್ತಲೇ ಇದ್ದರೆ ಹೋದ ಒಂದು ದಿನವನ್ನು ಯಾರ ಲೆಕ್ಕಕ್ಕೆ ಬರೆಯೋಣ?

ನಿಮ್ಮ ಮೆಸೇಜ್ ಹೀಗಿರಬೇಕಿತ್ತು. ಸಮಯ, ವಿವರ ನಿಮ್ಮ ಶಾಪಿಗೆ ತಕ್ಕಂತೆ ಬದಲಿಸಿಕೊಳ್ಳಿ.

> 4ನೇ ಪ್ರೆಸ್ ಚಾಲೂ ಮಾಡಬಾರದು. ಬೆಳಿಗ್ಗೆ 5:30ರ ಸ್ಥಿತಿ ಇದು. ರಾತ್ರಿ 2:40ಕ್ಕೆ ಪಂಪ್ ಆಫ್ ಆದ ಮೇಲೂ ರ್ಯಾಮ್ ಇಳಿಯುತ್ತಿರುವುದು ಕಂಡಿತು. ಈಗ ರ್ಯಾಮ್ ಎರಡು ಸೇಫ್ಟಿ ಬ್ಲಾಕ್ ಮೇಲೆ ನಿಂತಿದೆ, ಡೈ ಒಳಗೇ ಇದೆ. ಸಿಲಿಂಡರ್‌ನ ಕೆಳಗಿನ ಹೋಸ್ ಬಿಚ್ಚಿ ಎರಡೂ ತುದಿಗೆ ಪ್ಲಗ್ ಹಾಕಿದೆ. ಬಿಚ್ಚುವ ಮುಂಚೆ ಅಕ್ಯುಮುಲೇಟರ್ ಪ್ರೆಶರ್ ಇಳಿಸಿದೆವು, ಗೇಜ್ ಸೊನ್ನೆ. ಮೇನ್ ಐಸೊಲೇಟರ್ ಆಫ್, ಮೇಲೆ ನೈಟ್ ಫಿಟ್ಟರ್ ಬೀಗ. ಡೇ ಫಿಟ್ಟರ್ ತಮ್ಮ ಬೀಗ ಹಾಕಿದ ಮೇಲೆ ನೈಟ್ ಫಿಟ್ಟರ್ ತಮ್ಮದನ್ನು ತೆಗೆಯುತ್ತಾರೆ. ಸೀಲ್ ಹೋಗಿರಬಹುದು ಅನ್ನುವುದು ಊಹೆ, ವಾಲ್ವ್ ನೋಡಿಲ್ಲ. ಸೀಲ್ ಕಿಟ್ ಸ್ಟೋರ್‌ನಲ್ಲಿ ಇಲ್ಲ, ತರಿಸುವುದು ಮೇಂಟೆನೆನ್ಸ್. ಚಾಲೂ ಮಾಡಲು ಒಪ್ಪಿಗೆ ಕೊಡುವವರು ಮೇಂಟೆನೆನ್ಸ್ ಇನ್‌ಚಾರ್ಜ್ ಮಾತ್ರ.

ಉದ್ದವಾಯಿತು ಅನ್ನಬೇಡಿ, ಓದಲು ಒಂದು ನಿಮಿಷ ಬೇಕಿಲ್ಲ. ಬ್ಲಾಕ್ ವಿಷಯ ಬಿಟ್ಟರೆ ಏನಾಗುತ್ತದೆ ಗೊತ್ತೇ? ಆ ಬ್ಲಾಕ್ ರ್ಯಾಮ್ ಮತ್ತು ಮೇಲಿನ ಡೈಯ ಭಾರ ಹೊರಲು ಮಾಡಿದ್ದು, ಪ್ರೆಸ್ಸಿನ ಪೂರ್ತಿ ಒತ್ತಡ ತಡೆಯಲು ಅಲ್ಲ. ಒಳಗೆ ಬ್ಲಾಕ್ ಇರುವಾಗ ಯಾರಾದರೂ ಪ್ರೆಸ್ ಓಡಿಸಿದರೆ ಅದು ಮುರಿದು ಎಲ್ಲಿಗೆ ಸಿಡಿಯುತ್ತದೋ ಹೇಳಲಾಗದು. ಹೋಸ್ ಬಿಚ್ಚಿದ್ದು ಬರೆಯದೆ, ಯಾರಾದರೂ ಪಂಪ್ ಚಾಲೂ ಮಾಡಿದರೆ ಎಣ್ಣೆ ಎದುರಿಗೆ ನಿಂತವರ ಮುಖಕ್ಕೆ ಹಾರಬಹುದು. ಐಸೊಲೇಟರ್ ಆಫ್ ಮಾಡಿದರೆ ನಿಲ್ಲುವುದು ಮೋಟರ್ ಮಾತ್ರ. ಅಕ್ಯುಮುಲೇಟರ್ ಇರುವ ಪ್ರೆಸ್ಸಿನಲ್ಲಿ ಒತ್ತಡ ಹಾಗೇ ಕೂತಿರುತ್ತದೆ, ಆದ್ದರಿಂದ ಅದನ್ನು ಇಳಿಸಿದ್ದೀರೋ ಇಲ್ಲವೋ ಬರೆಯಬೇಕು.

ಬೀಗದ ಮಾತು ಬಿಡಿಸಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ನೈಟ್ ಫಿಟ್ಟರ್ ಬೀಗ ಹಾಕಿ, ಕೀಲಿ ಜೇಬಲ್ಲಿಟ್ಟುಕೊಂಡು ನೆಲಮಂಗಲದ ಬಸ್ ಹತ್ತುತ್ತಾರೆ. ಎಂಟು ಗಂಟೆಗೆ ಫೋನ್ ಮಾಡಿದರೆ ಮಲಗಿರುತ್ತಾರೆ. ಒಂಬತ್ತಕ್ಕೆ ಯಾರೋ ಕಟರ್ ತಂದು ಬೀಗ ಕತ್ತರಿಸುತ್ತಾರೆ. ಇನ್ನು ಕೆಲವು ಶಾಪ್‌ಗಳಲ್ಲಿ ಕೀಲಿಯನ್ನು ಟೇಬಲ್ ಮೇಲಿಟ್ಟು ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದು. ಯಾರು ಬೇಕಾದರೂ ತೆಗೆಯಬಹುದಾದ ಬೀಗ ಹಾಕಿ ಏನು ಪ್ರಯೋಜನ? ಬರುವವರ ಬೀಗ ಮೊದಲು ಬೀಳಬೇಕು, ಆಮೇಲೆ ಹೋಗುವವರದ್ದು ತೆಗೆಯಬೇಕು. ಇಬ್ಬರೂ ಪ್ರೆಸ್ ಎದುರಿಗೇ ನಿಂತಿರಬೇಕು.

ಒಂದು ಸಾಲಿನ ಬರಹ ಎಲ್ಲಿಗೆ ಮುಟ್ಟಿಸುತ್ತದೆ ಅನ್ನುವುದಕ್ಕೆ 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ತೈಲ ಸಂಸ್ಕರಣಾಗಾರದಲ್ಲಿ ನಡೆದದ್ದನ್ನು ನೋಡಿ. ನೈಟ್ ಶಿಫ್ಟಿನವರು ಒಂದು ಗೋಪುರಕ್ಕೆ ದ್ರವ ತುಂಬಿಸಿ ಬೆಳಗಿನ ಜಾವ ನಿಲ್ಲಿಸಿದ್ದರು. ತುಂಬಿಸುವುದನ್ನು ನೋಡಿಕೊಂಡ ಮುಖ್ಯ ಆಪರೇಟರ್ ಶಿಫ್ಟ್ ಮುಗಿಯಲು ಸುಮಾರು ಒಂದು ಗಂಟೆ ಇರುವಾಗಲೇ ಹೊರಟುಹೋದರು. ಲಾಗ್ ಬುಕ್ಕಿನಲ್ಲಿ ಇದ್ದದ್ದು ಘಟಕಕ್ಕೆ ಸ್ವಲ್ಪ ದ್ರವ ತಂದಿದ್ದೇವೆ ಅನ್ನುವ ಅರ್ಥದ ಒಂದೇ ಸಾಲು. 'ಸ್ವಲ್ಪ' ಅಂದರೆ ಎಷ್ಟು? ಮಟ್ಟ 50% ಇರಬೇಕಿದ್ದ ಮೀಟರ್ ಆಗಲೇ 99% ತೋರಿಸುತ್ತಿತ್ತು. ಅದು ಅಳೆಯುತ್ತಿದ್ದದ್ದು 170 ಅಡಿ ಗೋಪುರದ ತಳದ ಕೆಲವೇ ಅಡಿಗಳನ್ನು, ಹಾಗಾಗಿ ನಿಜವಾದ ಮಟ್ಟ ಅದಕ್ಕೂ ಮೇಲಿತ್ತು. ಮಟ್ಟ ಹೆಚ್ಚಾದರೆ ಕೂಗಬೇಕಾದ ಎರಡು ಅಲಾರಂಗಳಲ್ಲಿ ಒಂದು ಕೂಗಲೇ ಇಲ್ಲ. ಅದ್ಯಾವುದೂ ಆ ಸಾಲಿನಲ್ಲಿ ಇರಲಿಲ್ಲ. ಡೇ ಸೂಪರ್‌ವೈಸರ್ ತಡವಾಗಿ ಬಂದರು, ನೈಟ್‌ನವರ ಜೊತೆ ಅವರ ಮಾತೇ ಆಗಲಿಲ್ಲ. ಬೆಳಿಗ್ಗೆ ಮತ್ತೆ ತುಂಬಿಸಿದರು. ಮಧ್ಯಾಹ್ನ ಸ್ಫೋಟವಾಗಿ 15 ಜನ ಸತ್ತರು, 180 ಜನರಿಗೆ ಗಾಯವಾಯಿತು. ಕಾರಣ ಇದೊಂದೇ ಅಲ್ಲ, ಆದರೆ ತನಿಖಾ ವರದಿ ಈ ಹಸ್ತಾಂತರವನ್ನು ಬಿಡದೆ ಎತ್ತಿ ಹೇಳಿದೆ.

ಈಗ 'ಉಳಿದದ್ದೆಲ್ಲ ಓಕೆ'ಗೆ ಬರೋಣ. ಆ ಸಾಲು ಬರೆಯುವುದನ್ನು ಇವತ್ತೇ ಬಿಡಿ. ನೋಡಿರದ ಮಷೀನ್‌ಗೂ ಅದು ಸರ್ಟಿಫಿಕೇಟ್ ಕೊಡುತ್ತದೆ. ನೋಡಿದ್ದನ್ನು ನೋಡಿದೆ ಅನ್ನಿ, ನೋಡದ್ದನ್ನು ನೋಡಿಲ್ಲ ಅನ್ನಿ. ರಾತ್ರಿ ಎಷ್ಟು ಪೀಸ್ ಬಂತು ಅನ್ನುವ ಲೆಕ್ಕ ಕೊನೆಗಿರಲಿ. ಎಲ್ಲರೂ ಅದನ್ನೇ ಮೊದಲು ಬರೆಯುತ್ತಾರೆ, ಮ್ಯಾನೇಜರ್ ಕಣ್ಣು ಅಲ್ಲಿಗೇ ಹೋಗುತ್ತದೆ ಅಂತ. ಚಾಲೂ ಮಾಡಿದರೆ ಕೈ ಹೋಗುವಂಥದ್ದು ಮೊದಲ ಸಾಲಿನಲ್ಲಿರಬೇಕು.

ಪ್ರಶ್ನೆ: ವಾಯ್ಸ್ ನೋಟ್ ಕಳಿಸಿದರೆ ಸಾಕಾ ಸರ್? ಟೈಪ್ ಮಾಡೋಕೆ ಟೈಮ್ ಇರಲ್ಲ.

ಸಾಲದು. ಗದ್ದಲದ ಶಾಪ್‌ನಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ: ಒಬ್ಬ ಟ್ರೈನರ್ ಕೆಂಪು, ಹಳದಿ, ಹಸಿರು ಬಣ್ಣದ ಹ್ಯಾಂಡೋವರ್ ಶೀಟ್ ಮಾರುತ್ತಿದ್ದಾರೆ. ಅದು ಹಾಕಿದರೆ ಅಪಘಾತ ಸೊನ್ನೆ ಆಗುತ್ತೆ ಅಂತಾರೆ. ತಗೋಬಹುದಾ?

ಸೊನ್ನೆ ಆಗುವುದು ನಿಮ್ಮ ಜೇಬು. ಪ್ರೆಸ್ಸಿಗೆ ನಿಂಬೆಹಣ್ಣು ಕಟ್ಟಿ, ಅದಾದರೂ ಅಗ್ಗ.

ಪ್ರಶ್ನೆ: ನಮ್ಮ ಶಿಫ್ಟ್‌ನ ತಪ್ಪು ನಾವೇ ಬರೆದರೆ ನಮ್ಮ ಮೇಲೇ ಬರಲ್ವಾ?

ಬರಬಹುದು. ಬರೆಯದೆ ಯಾರಿಗಾದರೂ ಪೆಟ್ಟಾದರೆ ಪೊಲೀಸರೂ ಬರುತ್ತಾರೆ.

ಪ್ರಶ್ನೆ: ಡೇ ಸೂಪರ್‌ವೈಸರ್ ಅರ್ಧ ಗಂಟೆ ಲೇಟು. ಅಷ್ಟರಲ್ಲಿ ಶಿಫ್ಟ್ ಬಸ್ ಹೊರಟು ಹೋಗುತ್ತೆ. ಏನ್ ಮಾಡ್ಲಿ?

ಬಿಚ್ಚಿದ ಮಷೀನ್ ಇದ್ದರೆ ಕಾಯಿರಿ. ಬಸ್ ಹೋದರೆ ಹೋಗಲಿ, ಜಾಲಹಳ್ಳಿ ಕ್ರಾಸ್‌ವರೆಗೆ ಆಟೋದಲ್ಲಿ ಹೋಗಿ, ಆ ದುಡ್ಡನ್ನು ಕಂಪನಿಯಿಂದ ಕೇಳಿ ಪಡೆಯಿರಿ. ನಿಜವಾಗಲೂ ಇರಲು ಆಗದಿದ್ದರೆ ಡೇ ಫಿಟ್ಟರನ್ನು ಪ್ರೆಸ್ ಹತ್ತಿರ ಕರೆದೊಯ್ದು ಬ್ಲಾಕ್, ಪ್ಲಗ್, ಬೀಗ ಮೂರನ್ನೂ ಕೈಯಿಂದ ಮುಟ್ಟಿ ತೋರಿಸಿ. ಅವರ ಬೀಗ ಬಿದ್ದ ಮೇಲೆ, ಏನು ಅರ್ಥವಾಯಿತು ಅನ್ನುವುದನ್ನು ಅವರ ಬಾಯಿಂದಲೇ ಹೇಳಿಸಿ. ಲಾಗ್ ಬುಕ್ಕಿನಲ್ಲಿ ಇಬ್ಬರೂ ಸಹಿ ಹಾಕಿ, ಸಮಯ ಬರೆಯಿರಿ. ಇದು ತಿಂಗಳಲ್ಲಿ ಎರಡು ಸಲ ಆದರೆ ಲೇಟಾಗಿ ಬರುವವರ ವಿಷಯವನ್ನು ಮ್ಯಾನೇಜರ್‌ಗೆ ಬರೆದು ಕೊಡಿ, ನನಗಲ್ಲ.